ಅಜ್ಜನಿಗೆ ಡೊಂಬಿವಲಿಯಿಂದ ಒಂದು ಕಾಗದ

ಡೊಂಬಿವಲಿ
24 ಮೇ 2026, ಭಾನುವಾರ

ಪ್ರೀತಿಯ ಅಜ್ಜನಿಗೆ ಶ್ರಾವ್ಯಾಳ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಅಜ್ಜಿಯ ಮಂಡಿನೋವು ಈಗ ಹೇಗಿದೆ? ಅಪ್ಪ ಕಳಿಸಿದ ಎಣ್ಣೆ ತಲುಪಿತಾ?

ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಮೆಲ್ಲಗೆ ಮಾತಾಡಿದರೆ ನಿಮಗೆ ಕೇಳಿಸುವುದಿಲ್ಲ, ಜೋರಾಗಿ ಮಾತಾಡಿದರೆ ಜಗಳಕ್ಕೆ ಬಂದ ಹಾಗೆ ಕಾಣುತ್ತದೆ. ಅದಕ್ಕೇ ಕಾಗದ. ಇದನ್ನು ಓದುವಾಗ ನೀವು ನಡುವೆ ಬಾಯಿ ಹಾಕೋಕೂ ಆಗಲ್ಲ!

"ಎಂಥದ್ದು ಮಾರಾಯ್ತಿ, ಇಷ್ಟು ಮಾರ್ಕ್ಸ್ ತೆಗೆದು ಡ್ರೈವರ್ ಆಗೂದಾ?" ಅಂದಿರಿ. ಹೌದು ಅಜ್ಜ, ಡ್ರೈವರ್ರೇ. ರೈಲ್ವೆಯವರು ಈಗ ಲೋಕೋ ಪೈಲಟ್ ಅಂತಾರೆ, ಲೋಕಲ್ ಓಡಿಸುವವರಿಗೆ ಮೋಟರ್‌ಮ್ಯಾನ್ ಅಂತಾರೆ. ಹೆಸರು ದೊಡ್ಡದು ಮಾಡಿ ನಿಮ್ಮನ್ನು ಒಪ್ಪಿಸುವ ಆಸೆ ನನಗಿಲ್ಲ. ರೈಲು ಓಡಿಸುವ ಕೆಲಸ ಅದು, ನನಗೆ ಅದೇ ಬೇಕು.

ಇದು ನಿನ್ನೆ ಮೊನ್ನೆ ಹುಟ್ಟಿದ ಹುಚ್ಚಲ್ಲ. ಮೊದಲಿಂದಲೂ ನಾನು ಪ್ಲಾಟ್‌ಫಾರ್ಮಿನ ಮುಂದಿನ ತುದಿಗೆ ಹೋಗಿ ನಿಲ್ಲುತ್ತೇನೆ, ಅದಕ್ಕೆ ಅಮ್ಮ ಬೈಯುವುದೂ ನಿಮಗೆ ಗೊತ್ತು. 12 ಡಬ್ಬಿಯ ಗಾಡಿ ನಿಲ್ಲಬೇಕಾದ ಜಾಗಕ್ಕೆ ಅಲ್ಲೊಂದು ಬೋರ್ಡ್ ಇದೆ. ಬೆಳಿಗ್ಗೆ ಎಂಟು ಗಂಟೆಗೆ ಡೊಂಬಿವಲಿಯಲ್ಲಿ ಕಾಲಿಡಲು ಜಾಗ ಇರಲ್ಲ, ಬಾಗಿಲಲ್ಲಿ ಜನ ನೇತಾಡುತ್ತಿರುತ್ತಾರೆ. ಅಷ್ಟು ಭಾರದ ಗಾಡಿಯನ್ನು ಮೋಟರ್‌ಮ್ಯಾನ್ ಆ ಬೋರ್ಡಿನ ಹತ್ತಿರ ತಂದು ನಿಲ್ಲಿಸುತ್ತಾರೆ, ನಿಂತವರು ಮುಗ್ಗರಿಸದ ಹಾಗೆ. ಹಿಂದಿನ ತುದಿಯಿಂದ ಗಾರ್ಡ್ ಎರಡು ಬೆಲ್ ಕೊಡುತ್ತಾರೆ. ಇವರು ಒಮ್ಮೆ ಸಿಗ್ನಲ್ ನೋಡುತ್ತಾರೆ, ಹೊರಡುತ್ತಾರೆ. ಇಡೀ ಗಾಡಿಯಲ್ಲಿ ಒಬ್ಬರೂ ಅವರ ಮುಖ ನೋಡಿರುವುದಿಲ್ಲ. ನನಗೆ ಇದು ಇಷ್ಟ. ಮೀಟಿಂಗ್ ಇಲ್ಲ, ಯಾರನ್ನೂ ಹೊಗಳಬೇಕಾಗಿಲ್ಲ. ಗಾಡಿ ಸರಿಯಾಗಿ ಬಂತೋ ಇಲ್ಲವೋ, ಅಷ್ಟೇ ಲೆಕ್ಕ.

ನಮ್ಮ ಮೇಲಿನ ಮಹಡಿಯ ಕಾಕಾ ಮೋಟರ್‌ಮ್ಯಾನ್ ಆಗಿ ರಿಟೈರ್ ಆದವರು. ಅವರ ಹತ್ತಿರ ಕೂತು ತುಂಬಾ ಕೇಳಿದ್ದೇನೆ. ಗಾಡಿ ಓಡುವಷ್ಟು ಹೊತ್ತೂ ಮೋಟರ್‌ಮ್ಯಾನ್ ಒಂದು ಹಿಡಿಯನ್ನು ಒತ್ತಿ ಹಿಡಿದಿರಬೇಕು. ಅದಕ್ಕೆ ಡೆಡ್ ಮ್ಯಾನ್ಸ್ ಹ್ಯಾಂಡಲ್ ಅಂತ ಹೆಸರು. ತಲೆ ಸುತ್ತಿ ಬಿದ್ದು ಕೈ ಬಿಟ್ಟರೆ ಬ್ರೇಕ್ ತಾನಾಗಿ ಬೀಳುತ್ತದೆ. ಮುಂಬಯಿ ಲೋಕಲ್‌ಗಳಲ್ಲಿ ಇದರ ಜೊತೆ ಇನ್ನೊಂದು ಕಾವಲಿದೆ. ಹಳಿಯಲ್ಲಿ ಕೂರಿಸಿದ ಮ್ಯಾಗ್ನೆಟ್ ಸಿಗ್ನಲ್ ಏನಿದೆ ಅಂತ ಗಾಡಿಗೆ ತಿಳಿಸುತ್ತದೆ. ಕೆಂಪು ದಾಟಿದರೆ ಗಾಡಿಯೇ ನಿಲ್ಲುತ್ತದೆ. "ಕಣ್ಣು ಹತ್ತಿದರೆ ಏನ್ ಗತಿ?" ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ ಇದು. ಡ್ಯೂಟಿಗೆ ಹೋದ ತಕ್ಷಣ ಊದಿಸಿ ನೋಡುತ್ತಾರೆ, ಕುಡಿದಿದ್ದರೆ ಗಾಡಿ ಕೊಡಲ್ಲ. ಘಟ್ಟದ ಬಸ್ಸಿನಲ್ಲಿ ಯಾರನ್ನೂ ಹೀಗೆ ಊದಿಸಿ ಕೂರಿಸಿದ್ದು ನಾನಂತೂ ಕಂಡಿಲ್ಲ. ನೀವು ಆ ಬಸ್ಸಿನಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತೀರಿ.

ಎರಡನೆಯದು, ಹುಡುಗಿ ಅನ್ನುವ ಮಾತು. "ಗಂಡಸರ ಕೆಲಸ" ಅಂದಿರಿ. ಸತಾರಾದ ಸುರೇಖಾ ಯಾದವ್ ಅವರ ಹೆಸರು ಕೇಳಿದ್ದೀರಾ? ರೈತರ ಮನೆಯವರು. ಕರಾಡ್‌ನ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿ, 1980ರ ದಶಕದ ಕೊನೆಗೆ ಸೆಂಟ್ರಲ್ ರೈಲ್ವೆಗೆ ಅಸಿಸ್ಟೆಂಟ್ ಡ್ರೈವರ್ ಆಗಿ ಸೇರಿದರು. ಆಗ ಇಡೀ ದೇಶದಲ್ಲಿ ಇನ್ನೊಬ್ಬ ಹೆಂಗಸು ಈ ಕೆಲಸದಲ್ಲಿ ಇರಲಿಲ್ಲ. 2011ರ ಮಾರ್ಚ್ 8ರಂದು ಡೆಕ್ಕನ್ ಕ್ವೀನ್ ಅನ್ನು ಪುಣೆಯಿಂದ ಮುಂಬಯಿಗೆ ತಂದರು. 2023ರಲ್ಲಿ ಸೋಲಾಪುರದಿಂದ ವಂದೇ ಭಾರತ್ ತಂದರು. ಕಳೆದ ವರ್ಷ ಸೆಪ್ಟೆಂಬರ್‌ನಲ್ಲಿ ರಿಟೈರ್ ಆದರು.

ಆ ದಾರಿ ಎಂಥದ್ದು ಅಂತ ಗೊತ್ತಲ್ಲ, ಪುಣೆಯ ಅತ್ತೆ ಮನೆಗೆ ನೀವೂ ಬಂದಿದ್ದೀರಿ. ಕರ್ಜತ್ ಆದ ಮೇಲೆ ಭೋರ್ ಘಾಟ್. 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಕೇಳುವಾಗ ಇಷ್ಟೇನಾ ಅನ್ನಿಸುತ್ತದೆ, ಆದರೆ ರೈಲಿನ ಕಬ್ಬಿಣದ ಗಾಲಿಗೆ ಅದು ಗೋಡೆಯೇ. ಹತ್ತುವ ಗಾಡಿಗಳಿಗೆ ಕರ್ಜತ್‌ನಲ್ಲಿ ಹಿಂದಿನಿಂದ ಬ್ಯಾಂಕರ್ ಇಂಜಿನ್ ಜೋಡಿಸಿ ತಳ್ಳಿಸುತ್ತಾರೆ. ಅಲ್ಲಿ ಗಾಡಿ ನಿಂತಾಗ ನಿಮಗೆ ವಡಾಪಾವ್ ಮಾತ್ರ ಕಂಡಿತು, ನಾನು ಇಳಿದು ಹಿಂದಕ್ಕೆ ಓಡಿದ್ದೆ! ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಬ್ರೇಕ್ ಹಿಡಿಯುತ್ತಾ ಅಂತ ನಡುವೆ ನಿಲ್ಲಿಸಿ ನೋಡಿಯೇ ಮುಂದೆ ಬಿಡುತ್ತಾರೆ. ಅದೇ ಘಟ್ಟದಲ್ಲಿ ಡೆಕ್ಕನ್ ಕ್ವೀನ್ ಇಳಿಸಿಕೊಂಡು ಬಂದವರು ಅವರು. ಇಲ್ಲಿ ಬೇಕಾದದ್ದು ತೋಳಿನ ಬಲ ಅಲ್ಲ ಅಜ್ಜ, ತಾಳ್ಮೆ.

ನೀವು ಕೆಲಸ ಮಾಡಿದ ಮಾಟುಂಗಾದ ಸುದ್ದಿಯನ್ನೇ ನೋಡಿ. ಸೆಂಟ್ರಲ್ ಲೈನಿನ ಆ ಸ್ಟೇಷನ್ ಅನ್ನು 2017ರಲ್ಲಿ ಪೂರ್ತಿ ಹೆಂಗಸರ ಕೈಗೆ ಕೊಟ್ಟರು. ಟಿಕೆಟ್ ಕೊಡುವವರಿಂದ ಹಿಡಿದು ಸ್ಟೇಷನ್ ಮ್ಯಾನೇಜರ್ ತನಕ. ದೇಶದಲ್ಲಿ ಅಂಥ ಸ್ಟೇಷನ್ ಅದೇ ಮೊದಲು.

ಈಗ ನೀವು ಹೇಳದೇ ಬಿಟ್ಟ ವಿಷಯಕ್ಕೆ ಬರುತ್ತೇನೆ. ಅಜ್ಜಿ ಅಮ್ಮನ ಹತ್ತಿರ ಹೇಳಿದ್ದಾರೆ. ಹಳಿಗೆ ಬೀಳುವವರ ವಿಷಯ.

ಕಾಕಾ ಹತ್ತಿರ ಇದನ್ನೂ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ವೇಗವಾಗಿ ಬರುವ ಲೋಕಲ್‌ಗೆ ಎಮರ್ಜೆನ್ಸಿ ಬ್ರೇಕ್ ಹಾಕಿದರೂ ಅದು ನೂರಾರು ಮೀಟರ್ ಹೋಗಿಯೇ ನಿಲ್ಲುತ್ತದೆ. ಹಳಿ ದಾಟುವವನು ಕಾಣುತ್ತಾನೆ, ಹಾರ್ನ್ ಹೊಡೆಯಬಹುದು, ಬ್ರೇಕ್ ಹಾಕಬಹುದು, ಅದರಾಚೆ ಏನೂ ಮಾಡೋಕಾಗಲ್ಲ. ಮೊದಲ ಸಲ ಆದಾಗ ಅವರಿಗೆ ಊಟ ಸೇರಲಿಲ್ಲವಂತೆ. ಕಾಕೂ ಮಾತಾಡಿಸಿದರೂ ಉತ್ತರ ಕೊಡುತ್ತಿರಲಿಲ್ಲವಂತೆ. ಕೆಲಸ ಬಿಡಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಮರುದಿನ ಗಾಡಿ ಯಾರಾದರೂ ತರಲೇಬೇಕಲ್ಲ" ಅಂದರು. ನನಗೆ ಇದೆಲ್ಲ ತಟ್ಟುವುದಿಲ್ಲ, ನಾನು ಗಟ್ಟಿ ಅಂತ ನಿಮಗೆ ಬರೆಯಲಾರೆ. ಹದಿನಾರರಲ್ಲಿ ಅದನ್ನು ಹೇಳಿದರೆ ಬಡಾಯಿ ಆಗುತ್ತದೆ. ಭಯ ಇದೆ. ಆದರೂ ಈ ಕೆಲಸ ಬೇಡ ಅಂತ ಮನಸ್ಸು ಹೇಳುತ್ತಿಲ್ಲ. ಸದ್ಯಕ್ಕೆ ನನಗೆ ಗೊತ್ತಿರುವುದು ಇಷ್ಟೇ.

ಇನ್ನೂ ಕಷ್ಟಗಳಿವೆ. ನಾನೇ ಹೇಳಿಬಿಡುತ್ತೇನೆ, ಆಮೇಲೆ ಯಾರೋ ಹೇಳಿದರು ಅಂತ ಆಗಬಾರದು. ರಾತ್ರಿ ಪಾಳಿ ತಪ್ಪದು. ಹಬ್ಬಕ್ಕೆ ರಜೆ ಸಿಗುತ್ತದೆ ಅಂತ ಇಲ್ಲ. ಎಷ್ಟೋ ಇಂಜಿನ್‌ಗಳಲ್ಲಿ ಶೌಚಾಲಯವೇ ಇಲ್ಲ. ಹೊಸದರಲ್ಲಿ ಹಾಕುತ್ತಿದ್ದಾರೆ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರಿಸುವ ವಿಷಯ. ಹೆಂಗಸರು ಇದರಲ್ಲಿ ಕಡಿಮೆ ಇರುವುದಕ್ಕೆ ಅವರಿಗೆ ಧೈರ್ಯ ಇಲ್ಲ ಅನ್ನುವುದು ಸುಲಭ. ನೀರು ಕುಡಿಯದೆ ಡ್ಯೂಟಿ ಮಾಡು ಅಂದರೆ ಯಾರು ತಾನೇ ಬರುತ್ತಾರೆ?

ಸಂಬಳದ ಲೆಕ್ಕ ಅಪ್ಪ ಕೇಳಿದ್ದರು, ನೀವೂ ಕೇಳುತ್ತೀರಿ. ಏಳನೇ ವೇತನ ಆಯೋಗದ ಪ್ರಕಾರ ಅಸಿಸ್ಟೆಂಟ್ ಲೋಕೋ ಪೈಲಟ್‌ಗೆ ಶುರುವಿನ ಮೂಲ ಸಂಬಳ ₹19,900. ಅದರ ಮೇಲೆ ಡಿಎ, ಮನೆ ಬಾಡಿಗೆ, ಮತ್ತೆ ಗಾಡಿ ಓಡಿಸಿದ ಕಿಲೋಮೀಟರ್ ಲೆಕ್ಕದಲ್ಲಿ ಭತ್ಯೆ. ಪುಣೆಯ ಅಣ್ಣನ ಸಾಫ್ಟ್‌ವೇರ್ ಸಂಬಳಕ್ಕೆ ಇದು ಸಾಟಿಯಲ್ಲ. ಅಣ್ಣ ಮಾತ್ರ ಪ್ರತಿ ಸಲ ಬಂದಾಗಲೂ ಕೆಲಸ ಇರುತ್ತದೋ ಹೋಗುತ್ತದೋ ಅಂತ ಗೊಣಗುತ್ತಾನೆ.

ನಾನು ಈಗ ಕೇಳುತ್ತಿರುವುದು ರೈಲ್ವೆ ಕೆಲಸವನ್ನಲ್ಲ. ಅದಕ್ಕೆ ನನಗೆ 18 ಆಗಬೇಕು. ಹತ್ತನೇ ಜೊತೆ ಐಟಿಐ ಅಥವಾ ಇಂಜಿನಿಯರಿಂಗ್ ಡಿಪ್ಲೊಮಾ ಬೇಕು. ಕೇಳುತ್ತಿರುವುದು ಮೂರು ವರ್ಷದ ಎಲೆಕ್ಟ್ರಿಕಲ್ ಡಿಪ್ಲೊಮಾ. ಮೊದಲ ಆಸೆ ಮಾಟುಂಗಾದ ವಿಜೆಟಿಐ, ಅಲ್ಲಿ ಸೀಟು ಸಿಗುವುದು ಕಷ್ಟ. ಸಿಗದಿದ್ದರೆ ಯಾವುದಾದರೂ ಸರ್ಕಾರಿ ಪಾಲಿಟೆಕ್ನಿಕ್. ಆಮೇಲೆ ರೈಲ್ವೆ ಪರೀಕ್ಷೆ. ಎರಡು ಹಂತ ಬರೆದು, ಮೂರನೆಯದಾಗಿ ಕಂಪ್ಯೂಟರ್ ಮುಂದೆ ಕೂರಿಸಿ ಗಮನ, ಚುರುಕು ನೋಡುತ್ತಾರೆ. ಕೊನೆಗೆ ಕಣ್ಣು. ಕನ್ನಡಕ ಇಲ್ಲದೆ 6/6 ಇರಬೇಕು, ಬಣ್ಣ ಸರಿಯಾಗಿ ಕಾಣಬೇಕು. ನನ್ನ ಕಣ್ಣು ಈಗ ಸರಿ ಇದೆ, ಅಪ್ಪ ತೋರಿಸಿಕೊಂಡು ಬಂದರು. ನಾಳೆ ಕನ್ನಡಕ ಬಂದರೆ ಈ ಬಾಗಿಲು ಮುಚ್ಚಿತು ಅಂತಲೇ.

"ಆಗ ಏನು ಮಾಡ್ತೀಯ?" ಅಂತೀರಿ. ಡಿಪ್ಲೊಮಾ ಇದ್ದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ಮೆಟ್ರೋದವರೂ ತೆಗೆದುಕೊಳ್ಳುತ್ತಾರೆ. ಕರೆಂಟ್ ಕಂಪನಿಗಳೂ ಇವೆ. ನೀವು ಹೇಳುವ ಹನ್ನೊಂದು, ಹನ್ನೆರಡು, ಆಮೇಲೆ ಕೋಟದ ಹುಡುಗನ ಹಾಗೆ ಸಿಎ, ಅದಕ್ಕೆ ನನ್ನ ತಲೆ ಓಡುವುದಿಲ್ಲ. ಲೆಕ್ಕ ಬರುತ್ತದೆ, ಬೇರೆಯವರ ಲೆಕ್ಕ ನೋಡಲು ಮನಸ್ಸು ಬರುವುದಿಲ್ಲ.

ಇನ್ನೊಂದು ಮಾತು. ಅಪ್ಪ ಮೊನ್ನೆ, "ಅಜ್ಜನೂ ಮನೆ ಬಿಟ್ಟು ಬಂದವರೇ, ಅದನ್ನೇ ಬರೆ" ಅಂದರು. ನಾನು ಬರೆಯುವುದಿಲ್ಲ. ಹದಿಮೂರಕ್ಕೆ ಬಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ತೂಕಡಿಸುತ್ತ ಓದಿದ್ದು ನೀವು ಆರಿಸಿಕೊಂಡದ್ದಲ್ಲ. ಊರಲ್ಲಿ ಊಟಕ್ಕಿರಲಿಲ್ಲ. ನನಗೆ ಬೇಕು, ಬೇಡ ಅನ್ನುವ ಸವಲತ್ತು ಇದೆ. ಅದು ನಿಮ್ಮ ಗಲ್ಲಾದಿಂದ ಬಂದದ್ದು. ಅದಕ್ಕೇ ನಿಮ್ಮನ್ನು ಬಿಟ್ಟು ಫಾರ್ಮ್ ತುಂಬಲು ಮನಸ್ಸಾಗುತ್ತಿಲ್ಲ.

ಅಮ್ಮ ಒಪ್ಪಿದ್ದಾರೆ. ಅಪ್ಪ ಒಳಗೊಳಗೇ ಒಪ್ಪಿದ್ದಾರೆ, ನಿಮ್ಮ ಬಾಯಿಂದ ಬರಲಿ ಅಂತ ಕಾಯುತ್ತಿದ್ದಾರೆ. ಪೂರ್ತಿ ಹೂಂ ಬೇಡ. "ಡಿಪ್ಲೊಮಾ ಸೇರಲಿ, ಆಮೇಲಿಂದು ಆಮೇಲೆ ನೋಡುವಾ" ಅಂತ ಅಪ್ಪನಿಗೆ ಒಂದು ಫೋನ್ ಮಾಡಿದರೆ ಸಾಕು. ಮಾಡುವುದಾದರೆ ಈ ವಾರವೇ ಮಾಡಿ. ಸಿಟ್ಟಿದ್ದರೆ ನನಗೆ ಮಾಡಿ, ಈ ಸಲ ಮೆಲ್ಲಗೆ ಮಾತಾಡುತ್ತೇನೆ.

ಅಜ್ಜಿಗೆ ನನ್ನ ನಮಸ್ಕಾರ. ಮತ್ಸ್ಯಗಂಧದಲ್ಲಿ ಈ ಕಡೆ ಬರುವವರು ಯಾರಾದರೂ ಇದ್ದರೆ ಹಲಸಿನ ಹಪ್ಪಳ ಕಳಿಸಬೇಕಂತೆ, ಅಮ್ಮ ಹೇಳಿದರು. ಥಾಣೆಯಲ್ಲಿ ಅಪ್ಪ ಹೋಗಿ ತೆಗೆದುಕೊಳ್ಳುತ್ತಾರೆ.

ನಿಮ್ಮ ಮೊಮ್ಮಗಳು
ಶ್ರಾವ್ಯಾ