ಆಲಮಟ್ಟಿಯಲ್ಲಿ ನಿಂತ ಗಾಡಿ

ವಿಜಯಪುರ ಬಿಟ್ಟ ರಾತ್ರಿ ಗಾಡಿ ಆಲಮಟ್ಟಿಯಲ್ಲಿ ನಿಂತು ಒಂದೂವರೆ ತಾಸಾಗಿತ್ತು.

"ಇಂಜಿನ್ ಕೆಟ್ಟೈತೇನೋ ತಮ್ಮಾ?" ಕೆಳಗಿನ ಬರ್ತಿನ ಅಜ್ಜಿ ಕೇಳಿದಳು.

ಎದುರಿನ ಹುಡುಗ ರೈಲ್ವೆ ಫಿಟ್ಟರ್. "ಇಲ್ಲಬೇ. ಎರಡು ಡಬ್ಬಿ ನಡುವಿನ ಬ್ರೇಕ್ ಪೈಪ್ ಒಡದೈತಿ. ಅದರಾಗ 5 ಕೆಜಿ ಗಾಳಿ ಒತ್ತಡ ಇದ್ರ ಬ್ರೇಕ್ ಬಿಟ್ಟಿರತಾವ. ಸೋರಿದ್ರ ತಾವ ಹಿಡಕೋತಾವ. ಪೈಪ್ ಬದಲಿಸಿ, ಗಾಳಿ ತುಂಬಿ, ಕಡೀ ಡಬ್ಬಿ ತನಕ ಒತ್ತಡ ನೋಡಿನ ಬಿಡ್ತಾರ."

"ಅಂದ್ರ ನಮ್ಮನ್ನ ಕಾಯಾಕನ ನಿಂತೈತಿ."

ಆಕೆ ಗಂಟು ಬಿಚ್ಚಿದಳು. ಕಟಕ್ ರೊಟ್ಟಿಯನ್ನು ಸೆರಗಿನ ಮೇಲಿಟ್ಟು ಮುರಿದಳು, ಒಂದು ಚೂರೂ ಕೆಳಗೆ ಬೀಳಲಿಲ್ಲ. ಶೇಂಗಾ ಚಟ್ನಿಗೆ ಔಷಧಿ ಬಾಟಲಿಯಿಂದ ಎಣ್ಣೆ ಬಿಟ್ಟು, ಬೆರಳಿಂದ ಕಲಸಿ ಮುಂದಿಟ್ಟಳು. ಬೇಡ ಎಂದವನು ಮೂರು ರೊಟ್ಟಿ ತಿಂದ.

"ಗದಗಿನ್ಯಾಗ ಮಗಳು ಬಾಣಂತಿ. ಡಬ್ಬಿ ತುಂಬ ಅಂಟಿನುಂಡಿ ಅದಾವ. ನಿದ್ದಿ ಹತ್ತಿದ್ರ ಇಳಿಯೂದು ತಪ್ಪತೈತಿ."

"ಮಕ್ಕೋಬೇ, ನಾ ಎಬ್ಬಸ್ತೀನಿ."

ಗಾಲಿಯ ಬಳಿ ಬುಸ್ಸೆಂದು ಗಾಳಿ ಬಿಟ್ಟ ಸದ್ದಾಯಿತು. ಗಾಡಿ ಜಗ್ಗಿತು. ಹುಡುಗ ತನ್ನ ಮೇಲಿನ ಬರ್ತಿಗೆ ಹತ್ತಲಿಲ್ಲ. ಉಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಸ್ಟೇಷನ್ನಿನ ಬೋರ್ಡು ಓದುತ್ತ ಕೂತ.