ಚಿನ್ಮಯಿಗೆ: ಹೆಸರಿಡುವ ಮೊದಲು ಏನೇನು ನೋಡಬೇಕು

ಪ್ರೀತಿಯ ಚಿನ್ಮಯಿ,

ನೀನು ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಬೇಲಿಯ ಕಂಬದ ಮೇಲೆ ಹಲ್ಲಿಯಂಥ ಪ್ರಾಣಿಯೊಂದು ಕತ್ತೆತ್ತಿ ಕೂತಿದೆ. ತಲೆ, ಗಂಟಲು ಕೆಂಪು, ಮೈ ಕಂದು. ಕೆಳಗೆ ‘ನೋಡ್ತಾ ನೋಡ್ತಾ ಬಣ್ಣ ಬದಲಾಯ್ತು, ಆದ್ದರಿಂದ ಇದು ಊಸರವಳ್ಳಿ’ ಎಂದು ಬರೆದಿದ್ದೀಯ. ಬಣ್ಣ ಬದಲಾಗುವವರೆಗೂ ಅಲುಗಾಡದೆ ನಿಂತು ನೋಡಿದೆಯಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಆದರೆ ಇದು ಊಸರವಳ್ಳಿ ಅಲ್ಲ. ಫೋಟೊ ತೆರೆದಿಟ್ಟುಕೊಂಡು ಮುಂದೆ ಓದು.

ಮೊದಲು ಬಣ್ಣವನ್ನು ಬದಿಗಿಡು. ಒಂದೇ ಪ್ರಾಣಿ ಬಿಸಿಲಲ್ಲಿ ಒಂದು ಬಣ್ಣ, ನೆರಳಲ್ಲಿ ಇನ್ನೊಂದು ಬಣ್ಣ ಕಾಣಬಹುದು. ಗಂಡು, ಹೆಣ್ಣು, ಮರಿ ಬೇರೆ ಬೇರೆ ಬಣ್ಣದಲ್ಲಿರಬಹುದು. ಫೋನಿನ ಕ್ಯಾಮೆರಾ ಕೂಡ ಬಣ್ಣವನ್ನು ಹೆಚ್ಚು ಕಡಿಮೆ ಮಾಡಿ ತೋರಿಸಬಹುದು. ಕಣ್ಣು, ಬೆರಳು, ಹುರುಪೆ ಹಾಗೆ ಬದಲಾಗುವುದಿಲ್ಲ. ಅದಕ್ಕೇ ಅವುಗಳಿಂದ ಶುರು ಮಾಡಬೇಕು.

ಕಣ್ಣು ನೋಡು. ಊಸರವಳ್ಳಿಯ ಕಣ್ಣು ಹೊರಕ್ಕೆ ಉಬ್ಬಿರುತ್ತದೆ, ಇಡೀ ಗುಡ್ಡೆಯನ್ನು ಚರ್ಮ ಮುಚ್ಚಿ ನಡುವೆ ಸಣ್ಣ ತೂತು ಮಾತ್ರ ಉಳಿದಿರುತ್ತದೆ. ನಿನ್ನ ಫೋಟೊದಲ್ಲಿ ಹಾಗಿಲ್ಲ. ಮೇಲೆ ಕೆಳಗೆ ರೆಪ್ಪೆ ಇದೆ, ನಡುವೆ ದುಂಡಗಿನ ಪಾಪೆ. ಗೋಡೆಯ ಮೇಲಿನ ಹಲ್ಲಿಗೆ ಮುಚ್ಚಿ ತೆರೆಯುವ ರೆಪ್ಪೆಯೇ ಇಲ್ಲ, ಅದು ನಾಲಿಗೆಯಿಂದ ಕಣ್ಣು ಒರೆಸಿಕೊಳ್ಳುತ್ತದೆ. ಅಂದರೆ ಕಣ್ಣೊಂದರಿಂದಲೇ ಊಸರವಳ್ಳಿ, ಗೋಡೆಯ ಹಲ್ಲಿ ಎರಡನ್ನೂ ಕೈಬಿಡಬಹುದು.

ಆಮೇಲೆ ಬೆರಳು. ಊಸರವಳ್ಳಿಯ ಪಾದದಲ್ಲಿ 5 ಬೆರಳುಗಳು 2 ಮತ್ತು 3ರ ಎರಡು ಗುಂಪಾಗಿ ಅಂಟಿಕೊಂಡು ಇಕ್ಕಳದಂತೆ ಕೊಂಬೆ ಹಿಡಿಯುತ್ತವೆ. ಗೋಡೆಯ ಹಲ್ಲಿಯ ಬೆರಳು ಅಗಲ, ಅಡಿಯಲ್ಲಿ ಅಡ್ಡ ಅಡ್ಡ ಪಟ್ಟಿಗಳಿರುತ್ತವೆ. ನಿನ್ನದರ ಮುಂಗಾಲು ಕಂಬದ ಆಚೆ ಹೋಗಿಬಿಟ್ಟಿದೆ. ಹಿಂಗಾಲು ಮಾತ್ರ ಕಾಣುತ್ತದೆ: ಬಿಡಿ ಬಿಡಿಯಾದ ಉದ್ದ ಬೆರಳುಗಳು, ತುದಿಯಲ್ಲಿ ಉಗುರು. ಸಣ್ಣ ಕಾಲು, ಕುತ್ತಿಗೆ ಎಲ್ಲಿ ಅಂತ ತಿಳಿಯದಷ್ಟು ನುಣುಪಾದ ಹೊಳೆಯುವ ಮೈ ಇದ್ದಿದ್ದರೆ ಹಾವುರಾಣಿ ಇರಬಹುದಾ ಅಂತ ಯೋಚಿಸಬೇಕಿತ್ತು. ಇದರ ಮೈ ಒರಟು.

ಈಗ ನನಗೆ ತುಂಬಾ ಇಷ್ಟದ ಭಾಗ. ಕಿವಿಯ ಜಾಗದಲ್ಲಿ ದುಂಡಗಿನ ಕಿವಿತಮಟೆ ಕಾಣುತ್ತದೆಯಲ್ಲ, ಅದರ ಸ್ವಲ್ಪ ಮೇಲೆ ದೊಡ್ಡದು ಮಾಡಿ ನೋಡು. ಒಂದಕ್ಕೊಂದು ತಾಗದ ಎರಡು ಪುಟ್ಟ ಮುಳ್ಳುಗಳಿವೆ. ಕತ್ತಿನಿಂದ ಬೆನ್ನಿನ ಮೇಲೆ ಮುಳ್ಳಿನ ಸಾಲು ಹೋಗಿದೆ. ಇನ್ನು ಮುಂಗಾಲಿಗೂ ಹಿಂಗಾಲಿಗೂ ನಡುವಿನ ಪಕ್ಕೆಗೆ ಬಾ. ಅಲ್ಲಿ ಒಂದೇ ಒಂದು ಹುರುಪೆ ಆರಿಸಿಕೊಂಡು ಅದರ ಚೂಪು ತುದಿ ಯಾವ ಕಡೆಗಿದೆ ನೋಡು. ಹಿಂದಕ್ಕೆ, ಜೊತೆಗೆ ಮೇಲಕ್ಕೆ. ಇದನ್ನೇ ಹೋಲುವ ಕೆಲವು ಓತಿಗಳಲ್ಲಿ ತುದಿ ಹಿಂದಕ್ಕೂ ಕೆಳಕ್ಕೂ ಇರುತ್ತದೆ. ಇಷ್ಟು ಚಿಕ್ಕ ಗುರುತು ಒಂದನ್ನು ಇನ್ನೊಂದರಿಂದ ಬೇರೆ ಮಾಡುತ್ತದೆ.

ಹಾಗಾಗಿ ಇದು ಓತಿಕ್ಯಾತ. ತೋಟದಲ್ಲಿ ಕಾಣುವ ಇದರಲ್ಲಿ ಸಂತಾನದ ಕಾಲಕ್ಕೆ ಗಂಡಿನ ತಲೆ, ಗಂಟಲು ಕೆಂಪಾಗುತ್ತವೆ. ನೀನು ಕಂಡದ್ದು ಅದೇ. ಬಣ್ಣ ನಮ್ಮ ಕೆಲಸಕ್ಕೆ ಬಂದದ್ದು ಈಗ, ಕಣ್ಣು, ಬೆರಳು, ಹುರುಪೆ ನೋಡಿ ಆದ ಮೇಲೆ.

ಬಾಲದ ವಿಷಯದಲ್ಲಿ ಹುಷಾರು. ಹಲ್ಲಿ, ಹಾವುರಾಣಿಗಳ ಬಾಲ ಕಳಚಿ ಮತ್ತೆ ಬೆಳೆದಿರಬಹುದು. ಹೊಸ ಬಾಲ ಗಿಡ್ಡವಾಗಿ, ಬೇರೆ ಬಣ್ಣದಲ್ಲಿ ಇರುತ್ತದೆ. ಅದಕ್ಕೇ ಉದ್ದ ಅಂದಾಜು ಮಾಡುವಾಗ ಮೂತಿಯಿಂದ ಬಾಲದ ಬುಡದವರೆಗೆ ಮಾತ್ರ ಲೆಕ್ಕ ಹಾಕು, ಬಾಲದ ಉದ್ದ ಬೇರೆ ಬರೆದುಕೋ.

ಮುಂದಿನ ಸಲ ಒಂದರ ಬದಲು ಮೂರು ಫೋಟೊ ಬೇಕು. ಬಾಲದ ತುದಿಯೂ ಸೇರಿದ ಇಡೀ ಮೈ, ಪಕ್ಕದಿಂದ; ತಲೆ, ಅದೂ ಪಕ್ಕದಿಂದ; ಒಂದು ಪಾದ. ಮೇಲಿನಿಂದ ತೆಗೆದರೆ ಕಿವಿ, ಗಂಟಲು, ಪಕ್ಕೆಯ ಹುರುಪೆ ಮೂರೂ ಕಾಣುವುದಿಲ್ಲ. ನಿಂತಲ್ಲಿಂದಲೇ ಮೊದಲ ಫೋಟೊ ತೆಗೆದುಬಿಡು, ಆಮೇಲೆ ಒಂದೊಂದೇ ಹೆಜ್ಜೆ ಹತ್ತಿರ ಹೋಗು. ಅದು ಕತ್ತು ಕುಣಿಸಲು ಶುರು ಮಾಡಿದರೆ ಅಲ್ಲೇ ನಿಲ್ಲು. ಫ್ಲ್ಯಾಶ್ ಹಾಕಬೇಡ, ಹಿಡಿಯಲು ಹೋಗಬೇಡ, ಕಡ್ಡಿಯಿಂದ ತಿರುಗಿಸಲೂ ಬೇಡ. ಯಾವ ಹೊತ್ತು, ಬಿಸಿಲಿತ್ತೋ ಮೋಡವೋ, ಅದು ಗೋಡೆ, ಕೊಂಬೆ, ನೆಲ ಯಾವುದರ ಮೇಲಿತ್ತು, ಏನು ಮಾಡುತ್ತಿತ್ತು ಎಂಬುದನ್ನು ಅಲ್ಲೇ ಬರೆದುಕೋ. ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತುಹೋಗುತ್ತದೆ.

ಪಾದವೂ ಕಾಣದೆ, ಕಿವಿಯೂ ಕಾಣದೆ ಇದ್ದರೆ ‘ಯಾವುದೋ ಓತಿ’ ಎಂದಷ್ಟೇ ಬರೆದು ಕಳಿಸು. ಅದೂ ಸರಿಯಾದ ಉತ್ತರವೇ.

ನಿನ್ನ ಪುಸ್ತಕದಲ್ಲಿ ‘ಊಸರವಳ್ಳಿ’ ಎಂಬುದನ್ನು ಅಳಿಸಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ‘ಓತಿಕ್ಯಾತ, ಗಂಡು’ ಎಂದು ಬರೆ. ಯಾವ ಗುರುತು ನೋಡಿ ಬದಲಾಯಿಸಿದೆ ಎಂಬುದನ್ನೂ ಬರೆದು ಸೋಮವಾರ ತಂದು ತೋರಿಸು.

ಇಂತಿ,
ನಿನ್ನ ವಿಜ್ಞಾನದ ಟೀಚರ್