ವಿಷಯ: ಡಿಸೈನ್ ಮತ್ತು ಸರ್ವೆ ತಂಡಕ್ಕೆ ಅರ್ಜಿ ಹಾಕಿದ್ದೆ, ಸಬ್ಸಿಡಿ ಫೈಲ್ ವಿಭಾಗದ ಆಫರ್ ಬಂದಿದೆ – ಇನ್ನೊಮ್ಮೆ ಯೋಚಿಸಲು ಕೋರಿಕೆ

ಸುಜಾತಾ ಮೇಡಂ, ನಮಸ್ಕಾರ.

ಸೋಮವಾರ ಸಂಜೆ ನಿಮ್ಮ ಆಫರ್ ಲೆಟರ್ ಬಂತು. ತುಂಬಾ ಥ್ಯಾಂಕ್ಸ್. ನಾನು ಅದನ್ನು ಪೂರ್ತಿ ಓದುವ ಮೊದಲೇ ಅವ್ವ ಓಣಿಗೆಲ್ಲ ಪೇಡೆ ಹಂಚಿ ಬಂದಿದ್ದಳು. ಎರಡನೇ ಪುಟಕ್ಕೆ ಬಂದಾಗ ಹುದ್ದೆಯ ಹೆಸರು ನೋಡಿದೆ.

ನಾನು ಅರ್ಜಿ ಹಾಕಿದ್ದು ಹನಿ ನೀರಾವರಿಯ ಡಿಸೈನ್ ಮತ್ತು ಸರ್ವೆ ತಂಡದಲ್ಲಿ ಜೂನಿಯರ್ ಎಂಜಿನಿಯರ್ ಹುದ್ದೆಗೆ. ಲೆಟರ್‌ನಲ್ಲಿರುವುದು ಹುಬ್ಬಳ್ಳಿ ಆಫೀಸಿನ ಸಬ್ಸಿಡಿ ಡಾಕ್ಯುಮೆಂಟೇಶನ್ ಎಕ್ಸಿಕ್ಯೂಟಿವ್ ಹುದ್ದೆ. ಟೈಪಿಂಗ್ ತಪ್ಪಿರಬಹುದು ಅಂದುಕೊಂಡು ಮಂಗಳವಾರ ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ತಪ್ಪಲ್ಲ, ಯೋಚಿಸಿಯೇ ಕೊಟ್ಟಿದ್ದು ಎಂದರು. "ಫೀಲ್ಡ್ ಕೆಲಸ ಹೆಣ್ಣುಮಕ್ಕಳಿಗೆ ಕಷ್ಟ ಆಗುತ್ತಮ್ಮ, ಇದು ನಿಮಗೆ ಆರಾಮ" ಎಂದೂ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇದರ ಬಗ್ಗೆ ಇಂಟರ್‌ವ್ಯೂನಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ಅಲ್ಲೇ ಉತ್ತರ ಹೇಳುತ್ತಿದ್ದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಶುರು ಮಾಡಿ ನಾಲ್ಕು ಸಾಲಿಗೆ ಅಳಿಸಿಬಿಟ್ಟೆ. ಇಂಟರ್‌ವ್ಯೂ ಪೂರ್ತಿ ಕನ್ನಡದಲ್ಲೇ ನಡೆದಿತ್ತು, ಅಲ್ವಾ?

ಆ ದಿನ ಡಿಸೈನ್ ಮುಖ್ಯಸ್ಥರು ಮೂರು ಎಕರೆಯ ಒಂದು ನಕ್ಷೆ ಕೊಟ್ಟು, ಸಬ್‌ಮೇನ್ ಎಲ್ಲಿ ಹಾಕ್ತೀರಿ ಎಂದು ಕೇಳಿದರು. ಆಮೇಲೆ ಫಿಲ್ಟರ್ ಬಗ್ಗೆ ಕೇಳಿದರು. ಬೋರ್‌ವೆಲ್‌ನಿಂದ ಮರಳು ಬಂದರೆ ಹೈಡ್ರೋಸೈಕ್ಲೋನ್, ಕೃಷಿಹೊಂಡದ ಪಾಚಿಗೆ ಸ್ಯಾಂಡ್ ಫಿಲ್ಟರ್ ಎಂದೆ. ಮುಕ್ಕಾಲು ಗಂಟೆ ಇದೇ ನಡೆಯಿತು. ಸಬ್ಸಿಡಿ ಫೈಲ್ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ನಿಮ್ಮವರು ಪರೀಕ್ಷೆ ಮಾಡಿದ್ದು ಡಿಸೈನ್ ಕೆಲಸಕ್ಕೆ. ಅದರಲ್ಲಿ ನಾನು ಪಾಸಾಗಿದ್ದರೆ ಆ ಕೆಲಸವನ್ನೇ ಕೊಡಿ. ಪಾಸಾಗಿಲ್ಲ ಎಂದಾದರೆ ಅದನ್ನೇ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಫೀಲ್ಡ್ ಕಷ್ಟ ಎಂಬ ಮಾತಿಗೆ ನನ್ನದೇ ಒಂದು ಅನುಭವ ಹೇಳುತ್ತೇನೆ. ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ ಪ್ರಾಜೆಕ್ಟಿಗೆ ಜಮಖಂಡಿ ತಾಲ್ಲೂಕಿನ ನಮ್ಮ ಕಾಕಾನ ಕಬ್ಬಿನ ಹೊಲ ತೆಗೆದುಕೊಂಡಿದ್ದೆ. 16 ಎಂಎಂ ಲ್ಯಾಟರಲ್, 60 ಸೆಂಟಿಮೀಟರಿಗೊಂದು ಡ್ರಿಪ್ಪರ್, ಗಂಟೆಗೆ 4 ಲೀಟರ್. ಹೊಲದ ಕೊನೆಯಲ್ಲಿ ಕಬ್ಬು ಗಿಡ್ಡ ಇತ್ತು. ಕಾಕಾ ಅದಕ್ಕೆ ಗೊಬ್ಬರ ಜಾಸ್ತಿ ಹಾಕುತ್ತಲೇ ಇದ್ದ. "ಆ ತುದೀಗೆ ನೀರೇ ಹತ್ತಂಗಿಲ್ಲ" ಎಂದು ನನಗೆ ಹೇಳಿದ್ದು ಕಾಕಿ. ಕಳೆ ತೆಗೆಯುವವಳು ಅವಳು, ಮಣ್ಣು ಎಲ್ಲಿ ಹಸಿ, ಎಲ್ಲಿ ಒಣ ಅಂತ ಅವಳ ಕೈಗೆ ಗೊತ್ತಿತ್ತು.

ಕತ್ತರಿಸಿದ ಸೋಡಾ ಬಾಟಲಿಗಳನ್ನು ಡ್ರಿಪ್ಪರ್ ಕೆಳಗೆ ಇಟ್ಟು, ವಾಚ್ ಹಿಡಿದು ಅಳೆದೆ. "ಏನವ್ವಾ, ಬಾಟ್ಲಿ ಹಿಡ್ಕೊಂಡು ಏನ್ ಮಾಡಾಕತ್ತಿ?" ಎಂದು ದಾರಿಯಲ್ಲಿ ಹೋಗುವವರೆಲ್ಲ ಕೇಳುತ್ತಿದ್ದರು. ಹದಿನೈದು ನಿಮಿಷಕ್ಕೆ 1 ಲೀಟರ್ ಬರಬೇಕಿತ್ತು. ಸಬ್‌ಮೇನ್ ಹತ್ತಿರ ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು. ತುದಿಯಲ್ಲಿ ಬಂದದ್ದು 650 ಮಿಲಿ. ಡ್ರಿಪ್ಪರ್ ಕಟ್ಟಿಕೊಂಡಿರಬಹುದು ಅಂತ ಮೊದಲು ಆ್ಯಸಿಡ್ ಬಿಟ್ಟು ತೊಳೆದೆವು. ಏನೂ ಬದಲಾಗಲಿಲ್ಲ. ನಿಜವಾದ ತಪ್ಪು ಉದ್ದದಲ್ಲಿತ್ತು. ಒಂದೇ ಎಳೆ 110 ಮೀಟರ್ ಓಡಿಸಿದ್ದರು. ಅಷ್ಟು ಸಣ್ಣ ಪೈಪಿನಲ್ಲಿ ಅಷ್ಟು ದೂರ ಹೋಗುವಷ್ಟರಲ್ಲಿ ಒತ್ತಡ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿತ್ತು. ಸಬ್‌ಮೇನ್ ಕಿತ್ತು ಹೊಲದ ನಡುವೆ ಹಾಕಿಸಿದೆವು, ಎರಡೂ ಕಡೆ 55 ಮೀಟರ್. ಮತ್ತೆ ಅಳೆದಾಗ ತುದಿಯ ಬಾಟಲಿಯಲ್ಲಿ 925 ಮಿಲಿ ಬಂತು. ಖರ್ಚಾಗಿದ್ದು ಒಂದಿಷ್ಟು ಪಿವಿಸಿ ಪೈಪು, ಜೋಡಣೆಯ ಸಾಮಾನು ಮತ್ತು ಎರಡು ದಿನದ ಕೂಲಿ.

ಅದು ಏಪ್ರಿಲ್ ತಿಂಗಳು, ಬಿಸಿಲು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಒಟ್ಟು ಹನ್ನೊಂದು ದಿನ ಹೊಲದಲ್ಲಿದ್ದೆ. ಹೊಲದಲ್ಲಿ ಶೌಚಾಲಯ ಇರುವುದಿಲ್ಲ, ಅದೂ ಗೊತ್ತು. ರೈತರ ಮನೆಯ ಹೆಂಗಸರನ್ನು ಕೇಳಿದರೆ ದಾರಿ ಸಿಗುತ್ತದೆ, ಜೊತೆಗೆ ಚಹಾನೂ ಸಿಗುತ್ತದೆ. ಗಾಡಿ ಓಡಿಸುತ್ತೇನೆ, ಲೈಸೆನ್ಸ್ ಇದೆ. ಕತ್ತಲಾದ ಮೇಲೆ ಒಬ್ಬಳೇ ದೂರದ ಹಳ್ಳಿಯಿಂದ ಬರುವ ಪರಿಸ್ಥಿತಿ ಬೇಡ ಎಂದು ನಿಮಗನಿಸಿದರೆ ಅದು ಸರಿಯೇ, ನನಗೂ ಬೇಡ. ಆದರೆ ಅದಕ್ಕೆ ಸರ್ವೆಯ ಟೈಮ್ ಹೊಂದಿಸಿಕೊಂಡರೆ ಸಾಕು.

ಸಬ್ಸಿಡಿ ಫೈಲ್ ಕೆಲಸ ಕೀಳು ಎಂದು ಖಂಡಿತ ಹೇಳುತ್ತಿಲ್ಲ. ನಮ್ಮ ಅಪ್ಪನ ಫೈಲ್ ಎರಡು ಸಲ ವಾಪಸ್ ಬಂದಿತ್ತು. ಪಹಣಿಯಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು. ಅದನ್ನು ತಾಳ್ಮೆಯಿಂದ ಸರಿ ಮಾಡಿಸಿಕೊಟ್ಟ ಹುಡುಗನನ್ನು ಅಪ್ಪ ಇವತ್ತಿಗೂ ನೆನೆಯುತ್ತಾನೆ. ಆ ಕೆಲಸಕ್ಕೆ ಅಂಥ ಕೈ ಬೇಕು. ನಾಲ್ಕು ವರ್ಷ ನಾನು ಕಲಿತದ್ದು ಲೆವೆಲ್ ಹಿಡಿಯುವುದು, ಆಟೋಕ್ಯಾಡ್‌ನಲ್ಲಿ ನಕ್ಷೆ ಬರೆಯುವುದು, ಪೈಪಿನ ಲೆಕ್ಕ ಹಾಕುವುದು. ಎರಡು ವರ್ಷ ಫೈಲ್ ನೋಡುತ್ತಾ ಕೂತರೆ ಇದೆಲ್ಲ ಮರೆತುಹೋಗುತ್ತದೆ. ಆಮೇಲೆ ಡಿಸೈನ್‌ಗೆ ಕಳಿಸಿ ಎಂದು ಕೇಳಿದರೆ ಅನುಭವ ಎಲ್ಲಿದೆ ಎನ್ನುತ್ತೀರಿ. ಸುಮ್ನೆ ಹೇಳುತ್ತಿಲ್ಲ, ನನ್ನ ಸೀನಿಯರ್ ಒಬ್ಬರಿಗೆ ಬೇರೆ ಕಡೆ ಹೀಗೇ ಆಗಿದೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಮೊದಲು ಅರ್ಜಿ ಹಾಕಿದ ಹುದ್ದೆಗೇ ನನ್ನನ್ನು ಪರಿಗಣಿಸಿ. ನಿಮಗೆ ಅನುಮಾನವಿದ್ದರೆ ಮೂರು ತಿಂಗಳು ಸರ್ವೆ ತಂಡದ ಜೊತೆ ಕಳಿಸಿ ನೋಡಿ. ಜಾಹೀರಾತಿನಲ್ಲಿ ಆ ಹುದ್ದೆಗೆ ತಿಂಗಳಿಗೆ 25,000 ರೂಪಾಯಿ ಇತ್ತು, ಈ ಲೆಟರ್‌ನಲ್ಲಿ 22,000 ಇದೆ. ಆ ಮೂರು ತಿಂಗಳು 22,000ಕ್ಕೇ ಕೆಲಸ ಮಾಡುತ್ತೇನೆ, ಪೆಟ್ರೋಲ್ ಖರ್ಚು ಮಾತ್ರ ಬೇರೆ ಕೊಡಿ. ಕೆಲಸ ಹಿಡಿಸಿದರೆ ನಾಲ್ಕನೇ ತಿಂಗಳಿನಿಂದ ಜಾಹೀರಾತಿನ ಸಂಬಳ ಕೊಡಿ. ಮೂರು ತಿಂಗಳ ಮಾತನ್ನು ಲೆಟರ್‌ನಲ್ಲೇ ಬರೆದರೆ ಇಬ್ಬರಿಗೂ ಒಳ್ಳೆಯದು.

ಡಿಸೈನ್ ತಂಡದ ಜಾಗ ಈಗಾಗಲೇ ತುಂಬಿದ್ದರೆ ಅದನ್ನೂ ತಿಳಿಸಿ. ಮುಂದಿನ ಜಾಗ ಯಾವಾಗ ಬರಬಹುದು, ಅಲ್ಲಿಯವರೆಗೆ ವಾರಕ್ಕೆ ಎರಡು ದಿನವಾದರೂ ಸರ್ವೆಗೆ ಹೋಗಬಹುದಾ ಎಂದು ಹೇಳಿದರೆ ಆ ಲೆಕ್ಕದಲ್ಲಿ ಯೋಚಿಸುತ್ತೇನೆ. ಪೂರ್ತಿ ಫೈಲ್ ಕೆಲಸವೇ ಎಂದಾದರೆ ನಾನು ಬರುವುದು ಅನುಮಾನ. ಇದನ್ನು ಈಗಲೇ ಹೇಳುವುದು ಸರಿ ಅನಿಸಿತು. ಸೇರಿಕೊಂಡು ಎರಡು ತಿಂಗಳಿಗೆ ಬಿಟ್ಟು ಹೋದರೆ ನಿಮಗೇ ತೊಂದರೆ.

ಒಪ್ಪಿಗೆ ತಿಳಿಸಲು ಶುಕ್ರವಾರ ಕೊನೆಯ ದಿನ ಎಂದಿದೆ. ದಯವಿಟ್ಟು ಅದನ್ನು ಮುಂದಿನ ಬುಧವಾರದವರೆಗೆ ಮುಂದೂಡಿ. ಡಿಸೈನ್ ಮುಖ್ಯಸ್ಥರ ಜೊತೆ ಹತ್ತು ನಿಮಿಷ ಮಾತಾಡಲು ಅವಕಾಶ ಸಿಕ್ಕರೆ ಇನ್ನೂ ಒಳ್ಳೆಯದು. ಹುಬ್ಬಳ್ಳಿಗೆ ಬರಬೇಕೆಂದರೂ ಸರಿ, ಬೆಳಗಿನ ಬಸ್ಸಿಗೆ ಹೊರಟರೆ ಮಧ್ಯಾಹ್ನದೊಳಗೆ ಬಂದು ಮುಟ್ಟುತ್ತೇನೆ.

ಪ್ರಾಜೆಕ್ಟ್ ವರದಿ, ಹೊಲದ ನಕ್ಷೆ (ಬದಲಾವಣೆಗೆ ಮುಂಚಿನದು ಮತ್ತು ನಂತರದ್ದು) ಮತ್ತು ಅಳತೆಯ ಪಟ್ಟಿ ಲಗತ್ತಿಸಿದ್ದೇನೆ. ಪಟ್ಟಿಯಲ್ಲಿ ಏಳನೇ ಸಾಲಿನ ಒಂದು ಅಂಕಿ ಉಳಿದವಕ್ಕೆ ಹೊಂದುವುದಿಲ್ಲ. ಆ ಬಾಟಲಿಯನ್ನು ನಾಯಿ ಉರುಳಿಸಿತ್ತು. ತೆಗೆದುಹಾಕದೆ ಹಾಗೇ ಬಿಟ್ಟಿದ್ದೇನೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಭಾಗ್ಯಶ್ರೀ
ಬಿ.ಟೆಕ್ (ಕೃಷಿ ಎಂಜಿನಿಯರಿಂಗ್)
ಜಮಖಂಡಿ